ಎತ್ತರ ಸಿಗದ ತ್ರಿಕೋನ: ಅಲೆಕ್ಸಾಂಡ್ರಿಯಾ, ಬಗ್ದಾದ್, ನಮ್ಮ ಮಾನ್ಯಖೇಟ

ತ್ರಿಕೋನದ ವಿಸ್ತೀರ್ಣ ಅಂದರೆ ಪಾದ ಗುಣಿಸು ಎತ್ತರ, ಅದರ ಅರ್ಧ. ಶಾಲೆಯಲ್ಲಿ ನಮಗೆಲ್ಲ ಇದನ್ನೇ ಬಾಯಿಪಾಠ ಮಾಡಿಸಿದ್ದು. ಆದರೆ ಸೈಟಿನಲ್ಲಿ ಟೇಪು ಹಿಡಿದವರಿಗೆ ಗೊತ್ತು, ಎತ್ತರ ಅನ್ನುವ ಗೆರೆ ನೆಲದ ಮೇಲೆ ಎಲ್ಲೂ ಇರೋದಿಲ್ಲ. ಅಂಚಿನ ಮೂರು ಬದಿಗಳನ್ನು ಅಳೆಯಬಹುದು. ನಡುವೆ ಬಾವಿಯೋ ಬೆಳೆಯೋ ಇದ್ದರೆ ಎತ್ತರ ಅಳೆಯೋದು ಹೇಗೆ?

ಈ ಪ್ರಶ್ನೆಗೆ ಸುಮಾರು ಎರಡು ಸಾವಿರ ವರ್ಷದ ಹಿಂದೆ, ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿದ್ದ ಹೆರಾನ್ ಎಂಬಾತ ತನ್ನ 'ಮೆಟ್ರಿಕಾ' ಪುಸ್ತಕದಲ್ಲಿ ಉತ್ತರ ಬರೆದಿಟ್ಟ. ಅವನು ತೆಗೆದುಕೊಂಡ ಒಂದು ಲೆಕ್ಕದಲ್ಲಿ ಬದಿಗಳು 7, 8, 9. ಮೂರನ್ನೂ ಕೂಡಿದರೆ 24, ಅದರ ಅರ್ಧ 12. ಈ 12ರಿಂದ ಒಂದೊಂದೇ ಬದಿ ಕಳೆದರೆ 5, 4, 3 ಉಳಿಯುತ್ತವೆ. 12, 5, 4, 3 ನಾಲ್ಕನ್ನೂ ಗುಣಿಸಿದರೆ 720. ಅದರ ವರ್ಗಮೂಲವೇ ವಿಸ್ತೀರ್ಣ.

ಆದರೆ 720ಕ್ಕೆ ಪೂರ್ಣ ವರ್ಗಮೂಲ ಇಲ್ಲ. ಹೆರಾನ್ ಏನು ಮಾಡಿದ ನೋಡಿ. ಹತ್ತಿರದ 27 ಹಿಡಿದು 720ನ್ನು ಭಾಗಿಸಿದ, 26 ಮತ್ತು ಮೂರರಲ್ಲಿ ಎರಡು ಭಾಗ ಬಂತು. ಇವೆರಡರ ಸರಾಸರಿ 26 ಮತ್ತು ಆರರಲ್ಲಿ ಐದು ಭಾಗ. ಇದರ ವರ್ಗ 720ಕ್ಕಿಂತ ಬರೀ ಮೂವತ್ತಾರರಲ್ಲಿ ಒಂದು ಭಾಗದಷ್ಟು ಜಾಸ್ತಿ. ಕ್ಯಾಲ್ಕುಲೇಟರ್ ಇಲ್ಲದ ಕಾಲಕ್ಕೆ ಇದಕ್ಕಿಂತ ಇನ್ನೇನು ಬೇಕು!

ಹೆರಾನನ ಈ ಪುಸ್ತಕ ಬಹುಕಾಲ ಕಣ್ಮರೆಯಾಗಿತ್ತು. 1896ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಅದರ ಹಸ್ತಪ್ರತಿ ಸಿಕ್ಕಿತು. ಆದರೆ ಸೂತ್ರ ಅಷ್ಟು ದಿನ ಸುಮ್ಮನೆ ಕೂತಿರಲಿಲ್ಲ. 9ನೇ ಶತಮಾನದ ಬಗ್ದಾದಿನಲ್ಲಿ ಬನೂ ಮೂಸಾ ಎಂದು ಹೆಸರಾದ ಮೂವರು ಅಣ್ಣತಮ್ಮಂದಿರು ಅರಬ್ಬಿಯಲ್ಲಿ ಅದನ್ನು ಸಾಧಿಸಿ ತೋರಿಸಿದರು. ಅವರ ಪುಸ್ತಕ 12ನೇ ಶತಮಾನದಲ್ಲಿ ಲ್ಯಾಟಿನ್‌ಗೆ ಹೋಯಿತು. ಮುಂದೆ ಅಲ್-ಬೀರೂನಿ, ಇದು ಹೆರಾನನದಲ್ಲ, ಅವನಿಗಿಂತ ಹಿಂದಿನ ಆರ್ಕಿಮಿಡೀಸನದು ಎಂದು ಬರೆದ.

ಅದೇ 9ನೇ ಶತಮಾನದಲ್ಲಿ ನಮ್ಮ ಕಡೆ ಏನಾಗುತ್ತಿತ್ತು? ಮಾನ್ಯಖೇಟದಲ್ಲಿ ಅಮೋಘವರ್ಷ ನೃಪತುಂಗ ಆಳುತ್ತಿದ್ದ. ಅವನನ್ನು ಹೊಗಳಿಯೇ ಮಹಾವೀರಾಚಾರ್ಯ ತನ್ನ ಸಂಸ್ಕೃತ ಗ್ರಂಥ 'ಗಣಿತಸಾರಸಂಗ್ರಹ'ವನ್ನು ಶುರು ಮಾಡುತ್ತಾನೆ. 628ರಲ್ಲಿ ಬ್ರಹ್ಮಗುಪ್ತ ಹೇಳಿದ ಹಾಗೆಯೇ ಇವನೂ ಎರಡು ಲೆಕ್ಕ ಕೊಡುತ್ತಾನೆ, ಒಂದು ಸ್ಥೂಲ, ಇನ್ನೊಂದು ಸೂಕ್ಷ್ಮ. ಸ್ಥೂಲ ಲೆಕ್ಕದಲ್ಲಿ ಪಾದದ ಅರ್ಧವನ್ನು ಉಳಿದೆರಡು ಬದಿಗಳ ಸರಾಸರಿಯಿಂದ ಗುಣಿಸಬೇಕು. ಸೂಕ್ಷ್ಮದಲ್ಲಿ ಹೆರಾನನ ಪುಸ್ತಕದಲ್ಲಿರುವ ಅದೇ ವರ್ಗಮೂಲದ ಲೆಕ್ಕ.

ನನಗೆ ಈ ಎರಡು ಪದಗಳ ಬೆಲೆ ತಿಳಿದದ್ದು ಊರಿನಿಂದ ದೊಡ್ಡಪ್ಪನ ಮಗ ಫೋನ್ ಮಾಡಿದಾಗ. ನಾಲೆಗೂ ರಸ್ತೆಗೂ ನಡುವಿನ ಒಂದು ಮೂರು ಮೂಲೆ ಜಾಗ ಮಾರಾಟಕ್ಕಿತ್ತು. ಬದಿಗಳು 39, 42, 45 ಮೀಟರ್.

"ಎಂಟೂ ಮುಕ್ಕಾಲು ಗುಂಟೆ ಅಂತಾರೆ ಕಣೋ, ದುಡ್ಡು ಕಳಿಸ್ತೀಯಾ?" ಅಂದ.

"ಹೆಂಗೆ ಲೆಕ್ಕ ಹಾಕಿದ್ರು ಅಣ್ಣ?" ಅಂದೆ.

"ಎರಡು ಬದಿ ಕೂಡಿ ಅರ್ಧ, ಇನ್ನೊಂದರ ಅರ್ಧದಿಂದ ಗುಣಿಸಿದ್ರು."

ಅಂದರೆ ಸ್ಥೂಲ ಲೆಕ್ಕ! 39 ಮತ್ತು 45ರ ಸರಾಸರಿ 42, ಅದನ್ನು 21ರಿಂದ ಗುಣಿಸಿದರೆ 882 ಚದರ ಮೀಟರ್. ಸೂಕ್ಷ್ಮದಲ್ಲಿ ನೋಡೋಣ. ಮೊತ್ತ 126, ಅರ್ಧ 63. ಕಳೆದರೆ 24, 21, 18. ನಾಲ್ಕರ ಗುಣಲಬ್ಧ 5,71,536, ವರ್ಗಮೂಲ 756. ವ್ಯತ್ಯಾಸ 126 ಚದರ ಮೀಟರ್, ಹತ್ತಿರ ಹತ್ತಿರ ಒಂದೂಕಾಲು ಗುಂಟೆ. ಇಲ್ಲದ ನೆಲಕ್ಕೆ ದುಡ್ಡು ಕೊಡಬೇಕಾಗಿತ್ತು. ಸ್ಥೂಲ ಲೆಕ್ಕ ಯಾವಾಗಲೂ ಜಾಸ್ತಿಯೇ ತೋರಿಸುತ್ತದೆ, ಯಾಕಂದರೆ ಓರೆಯಾಗಿ ಇಳಿಯುವ ಎರಡು ಬದಿಗಳ ಸರಾಸರಿ ನೇರ ಎತ್ತರಕ್ಕಿಂತ ಉದ್ದವೇ ಇರುತ್ತದೆ. ಅಣ್ಣ 756ರ ಲೆಕ್ಕದಲ್ಲೇ ಮಾತು ಮುಗಿಸಿದ.

ಸೂಕ್ಷ್ಮಕ್ಕೂ ಒಂದು ಮಿತಿ ಇದೆ. ತೀರಾ ಚಪ್ಪಟೆ ತ್ರಿಕೋನದಲ್ಲಿ ಟೇಪಿನ ಸಣ್ಣ ತಪ್ಪೂ ದೊಡ್ಡದಾಗುತ್ತದೆ. ಬದಿಗಳು 10, 10, 19.9 ಮೀಟರ್ ಆದರೆ ವಿಸ್ತೀರ್ಣ ಸುಮಾರು 9.9 ಚದರ ಮೀಟರ್. ಉದ್ದದ ಬದಿಯನ್ನು 19.8 ಎಂದು ಓದಿದರೆ ಸುಮಾರು 14! ಹತ್ತು ಸೆಂಟಿಮೀಟರಿಗೆ ಇಷ್ಟು ಅಂತರ. ಅಂಥ ಕಡೆ ಹೇಗಾದರೂ ಎತ್ತರವನ್ನೇ ಅಳೆಯುವುದು ಒಳ್ಳೆಯದು. ಇನ್ನು ಅರ್ಧ ಮೊತ್ತದಿಂದ ಬದಿ ಕಳೆದಾಗ ಸೊನ್ನೆಯೋ ಋಣ ಸಂಖ್ಯೆಯೋ ಬಂದರೆ ಅಂಥ ತ್ರಿಕೋನವೇ ಇಲ್ಲ. ಸೂತ್ರವನ್ನು ಬಯ್ಯದೆ ಮತ್ತೊಮ್ಮೆ ಟೇಪು ಹಿಡಿಯಬೇಕು.