ಹ್ಯಾಂಗ್ ಆದ ಫೋನೂ, ಎರಡು ಗುಂಡಿಗಳ ಇತಿಹಾಸವೂ

ಮೊನ್ನೆ ರಜೆಗೆಂದು ಕಲಬುರಗಿಗೆ ಹೋಗಿದ್ದೆ. ಬೆಳಿಗ್ಗೆ ಚಹಾ ಕುಡಿಯುತ್ತಾ ಕೂತಿದ್ದಾಗ ಕಮಲಾಪುರದಿಂದ ಕಾಕಾ ಯಾರದೋ ಫೋನಿನಿಂದ ಕರೆ ಮಾಡಿದರು. "ತಮ್ಮಾ, ನನ್ ಫೋನ್ ಹ್ಯಾಂಗ್ ಆಗ್ಯಾದ. ಬಾಳಿಹಣ್ಣಿನ ಗಾಡಿ ಹೈದರಾಬಾದಿಗೆ ಹೋಗ್ಯಾದ, ಡ್ರೈವರ್ ಫೋನ್ ಮಾಡ್ಲಿಕತ್ಯಾನ, ಎತ್ಲಿಕ್ಕೇ ಬರವಲ್ದು!" ಕಮಲಾಪುರದ ಕೆಂಪು ಬಾಳೆ ಗೊತ್ತಲ್ಲ, ಕಾಕಾ ಅದರದ್ದೇ ವ್ಯಾಪಾರ ಮಾಡೋದು.

ಫೋನ್ ರಿಂಗ್ ಆಗುತ್ತಿದೆ ಅಂದರೆ ಒಳಗಿನ ವ್ಯವಸ್ಥೆ ಬದುಕಿದೆ, ಟಚ್ ಮಾತ್ರ ಸತ್ತಿದೆ. ಪವರ್ ಗುಂಡಿ ಒತ್ತಿದರೆ ಆಫ್ ಮಾಡುವ ಆಯ್ಕೆಯೇನೋ ಬರುತ್ತದಂತೆ, ಆದರೆ ಅದನ್ನು ಮುಟ್ಟಲೂ ಟಚ್ ಬೇಕು! "ಬ್ಯಾಟ್ರಿ ತೆಗೀಬೇಕಂದ್ರ ಹಿಂದಿನ ಮುಚ್ಚಳನೇ ಬಿಚ್ಚಂಗಿಲ್ಲ" ಅಂದರು ಕಾಕಾ. ಇಡೀ ಇತಿಹಾಸ ಅವರ ಆ ಒಂದು ಮಾತಿನಲ್ಲೇ ಇದೆ ನೋಡಿ.

ನಾವು ಓದುವಾಗ ಇದ್ದ ಫೋನುಗಳಲ್ಲಿ ಈ ಸಮಸ್ಯೆಯೇ ಇರಲಿಲ್ಲ. ಹಿಂದಿನ ಮುಚ್ಚಳ ತೆಗಿ, ಬ್ಯಾಟರಿ ಕಳಚು, ಮತ್ತೆ ಹಾಕು, ಮುಗೀತು. 2007ರಲ್ಲಿ ಬಂದ ಮೊದಲ ಐಫೋನ್ ಬ್ಯಾಟರಿಯನ್ನು ಒಳಗೇ ಮುಚ್ಚಿಬಿಟ್ಟಿತು. ಸ್ಯಾಮ್‌ಸಂಗ್‌ನ ಎಸ್ ಸಾಲಿನಲ್ಲಿ ಎಸ್5ರವರೆಗೆ (2014) ಬ್ಯಾಟರಿ ಕೈಗೆ ಸಿಗುತ್ತಿತ್ತು, 2015ರ ಎಸ್6ರಿಂದ ಅದೂ ಹೋಯಿತು. ಬ್ಯಾಟರಿ ತೆಗೆಯುವ ಕೆಲಸವನ್ನು ಬೇರೆ ಯಾರಾದರೂ ಮಾಡಲೇಬೇಕಿತ್ತು, ಅದು ಗುಂಡಿಗಳ ಪಾಲಿಗೆ ಬಂತು.

ಕಂಪ್ಯೂಟರಿನವರು ಈ ದಾರಿ ಮೊದಲೇ ತುಳಿದಿದ್ದರು. 1981ರ ಐಬಿಎಂ ಪಿಸಿಗಾಗಿ ಡೇವಿಡ್ ಬ್ರಾಡ್ಲಿ Ctrl+Alt+Del ಬರೆದದ್ದು. ತಪ್ಪಿ ಒತ್ತಬಾರದೆಂದು Del ಕೀಲಿಯನ್ನು ಉಳಿದೆರಡರಿಂದ ದೂರ ಇರುವಂತೆ ಆರಿಸಿದ. ಆದರೆ ಅದನ್ನು ಗಮನಿಸುವುದು ತಂತ್ರಾಂಶ. ತಂತ್ರಾಂಶವೇ ಪೂರ್ತಿ ಸಿಕ್ಕಿಕೊಂಡರೆ ಆ ಕೀಲಿಗಳೂ ವ್ಯರ್ಥ. ಫೋನಿನಲ್ಲಿ ಹಾಗಲ್ಲ. ಅಲ್ಲಿ ವಿದ್ಯುತ್ ಹಂಚುವ ಒಂದು ಪುಟ್ಟ ಪ್ರತ್ಯೇಕ ಚಿಪ್ ಇರುತ್ತದೆ. ಆಂಡ್ರಾಯ್ಡ್ ಏನೇ ಆಗಿರಲಿ, ಗುಂಡಿ ಎಷ್ಟು ಹೊತ್ತು ಒತ್ತಿದೆ ಎಂದು ಅದು ತನ್ನ ಪಾಡಿಗೆ ಎಣಿಸುತ್ತದೆ. ಕ್ವಾಲ್‌ಕಾಮ್ ಚಿಪ್ ಇರುವ ಫೋನುಗಳ ಕರ್ನಲ್ ಕಡತದಲ್ಲಿ ಇಂಥ ಸಾಲು ಕಾಣುತ್ತವೆ:

```
qcom,s1-timer = <6720>;
qcom,s2-timer = <2000>;
```

ಲೆಕ್ಕ ಮಿಲಿಸೆಕೆಂಡಿನಲ್ಲಿ. 6.72 ಸೆಕೆಂಡು ಒತ್ತಿ ಹಿಡಿದರೆ ಚಿಪ್ ಮೊದಲು ತಂತ್ರಾಂಶಕ್ಕೆ ಎಚ್ಚರಿಕೆ ಕೊಡುತ್ತದೆ (ಇಂಜಿನಿಯರುಗಳು ಇದನ್ನು "ಬೊಗಳುವುದು" ಅಂತಲೇ ಕರೆಯುತ್ತಾರೆ :) ). ಆಮೇಲೂ 2 ಸೆಕೆಂಡು ಬಿಡದಿದ್ದರೆ ಯಾರನ್ನೂ ಕೇಳದೆ ರೀಸೆಟ್. ಹತ್ತಿರ ಹತ್ತಿರ 9 ಸೆಕೆಂಡು ಆಯಿತಲ್ಲ. ಬಹಳ ಜನ ಮೂರು ಎಣಿಸುವಷ್ಟರಲ್ಲೇ ಕೈಬಿಟ್ಟು "ಆಗ್ಲಿಲ್ಲ" ಅನ್ನುತ್ತಾರೆ.

ಕಾಕಾ ಕೂಡ ಅದನ್ನೇ ಮಾಡಿದರು. ಪವರ್ ಮತ್ತು ವಾಲ್ಯೂಮ್ ಕಡಿಮೆ ಮಾಡುವ ಗುಂಡಿ ಎರಡೂ ಒಟ್ಟಿಗೆ ಒತ್ತಿ ಅಂದೆ. "ಕಚಕ್ ಅಂತು, ಫೋಟೋ ತಕ್ಕೊಂತು" ಅಂದರು. ಬೇಗ ಬಿಟ್ಟರೆ ಅದು ಸ್ಕ್ರೀನ್‌ಶಾಟ್. "ಕಾಕಾ, ಹನ್ನೆರಡು ಎಣಿಸೋತನಕ ಬಿಡಬ್ಯಾಡ್ರಿ. ಪರದೆ ಕರ್ರಗಾಗಿ ಅಕ್ಷರ ಬಂದ ಕೂಡ್ಲೆ ಎರಡೂ ಬಿಡ್ರಿ." ಹತ್ತು ಎಣಿಸುವಷ್ಟರಲ್ಲಿ ಪರದೆ ಆರಿ, ಕಂಪನಿಯ ಹೆಸರು ಬಂತು.

ಅಕ್ಷರ ಬಂದ ಮೇಲೆ ಬಿಡಿ ಅಂದದ್ದಕ್ಕೆ ಕಾರಣವಿದೆ. ವಾಲ್ಯೂಮ್ ಗುಂಡಿ ಹಿಡಿದೇ ಇದ್ದರೆ ಕೆಲವು ಫೋನು FASTBOOT ಎಂಬ ಪರದೆಗೆ ಹೋಗಿ ನಿಲ್ಲುತ್ತವೆ. ಗಾಬರಿ ಬೇಡ, ಪವರ್ ಗುಂಡಿ ಉದ್ದಕ್ಕೆ ಒತ್ತಿದರೆ ಹೊರಬರುತ್ತದೆ. ವಾಲ್ಯೂಮ್ ಹೆಚ್ಚಿಸುವ ಗುಂಡಿ ಹಿಡಿದರೆ ರಿಕವರಿ ಮೆನು ಬರಬಹುದು. ಅಲ್ಲಿ "Wipe data/factory reset" ಅಂತೊಂದು ಸಾಲು ಇರುತ್ತದೆ, ಅದರ ಮೇಲೆ ಮಾತ್ರ ಪವರ್ ಒತ್ತಬೇಡಿ. ಫೋಟೋ, ಸಂಪರ್ಕ ಎಲ್ಲ ಹೋಗುತ್ತವೆ. ಬರೀ ಒತ್ತಾಯದ ರೀಸ್ಟಾರ್ಟಿನಿಂದ ಹೋಗುವುದು ಆಗಷ್ಟೇ ಬರೆಯುತ್ತಿದ್ದ, ಉಳಿಸದ ಸಂಗತಿ ಅಷ್ಟೇ.

ಉಳಿದ ಫೋನುಗಳು? ಸ್ಯಾಮ್‌ಸಂಗ್‌ನಲ್ಲಿ ಇದೇ ಜೋಡಿ, 7 ಸೆಕೆಂಡಿಗಿಂತ ಹೆಚ್ಚು. ಪಿಕ್ಸೆಲ್‌ನಲ್ಲಿ ಪವರ್ ಒಂದೇ, ಆದರೆ ಸುಮಾರು 30 ಸೆಕೆಂಡು. ಐಫೋನ್ ಕಥೆ ಸ್ವಾರಸ್ಯವಾದದ್ದು. 6ಎಸ್‌ವರೆಗೆ ಹೋಮ್ ಮತ್ತು ಪವರ್ ಗುಂಡಿ ಹಿಡಿದರೆ ಸಾಕಿತ್ತು. 2016ರ ಐಫೋನ್ 7ರಲ್ಲಿ ಹೋಮ್ ಗುಂಡಿ ನಿಜವಾದ ಗುಂಡಿಯಾಗಿ ಉಳಿಯಲಿಲ್ಲ. ಒತ್ತಿದಂತೆ ಅನಿಸುವುದು ಒಳಗಿನ ಕಂಪನದಿಂದ. ಹ್ಯಾಂಗ್ ಆದ ಫೋನಿನಲ್ಲಿ ಅಂಥ ಗುಂಡಿಯನ್ನು ನಂಬುವುದು ಹೇಗೆ? ಹಾಗಾಗಿ ಅದರ ಜಾಗಕ್ಕೆ ವಾಲ್ಯೂಮ್ ಕಡಿಮೆಯ ಗುಂಡಿ ಬಂತು. ಮರುವರ್ಷ ಐಫೋನ್ 8ರಲ್ಲಿ ಬದಿಯ ಗುಂಡಿಯನ್ನೂ ವಾಲ್ಯೂಮ್ ಗುಂಡಿಯನ್ನೂ ಜೊತೆಗೆ ಹಿಡಿಯುವುದು ತುರ್ತು ಕರೆಗೆ ಮೀಸಲಾಯಿತು. ಅಲ್ಲಿಂದ ಈಚೆಗೆ ವಾಲ್ಯೂಮ್ ಹೆಚ್ಚು ಒತ್ತಿ ಬಿಡಬೇಕು, ಕಡಿಮೆ ಒತ್ತಿ ಬಿಡಬೇಕು, ಆಮೇಲೆ ಬದಿಯ ಗುಂಡಿಯನ್ನು ಸೇಬು ಕಾಣುವವರೆಗೆ ಹಿಡಿಯಬೇಕು. ನಡುವೆ ತಡಮಾಡುವಂತಿಲ್ಲ.

ರೀಸ್ಟಾರ್ಟ್ ಆದ ಮೇಲೂ ಟಚ್ ಕೆಲಸ ಮಾಡದಿದ್ದರೆ, ಅಥವಾ ಪರದೆಯ ಒಂದು ಪಟ್ಟಿ ಮಾತ್ರ ಸತ್ತಿದ್ದರೆ, ಅದು ಬಹುಮಟ್ಟಿಗೆ ಪರದೆಯದೇ ಕೆಟ್ಟ ಭಾಗ. ಗುಂಡಿ ಎಷ್ಟು ಒತ್ತಿದರೂ ಉಪಯೋಗವಿಲ್ಲ, ರಿಪೇರಿ ಅಂಗಡಿಗೇ ಹೋಗಬೇಕು.

ಕಾಕಾರದ್ದು ಹಾಗಿರಲಿಲ್ಲ. ಐದು ನಿಮಿಷಕ್ಕೆ ಅವರ ನಂಬರಿನಿಂದಲೇ ಕರೆ ಬಂತು. "ಗಾಡಿ ಹುಮನಾಬಾದ್ ದಾಟ್ಯಾದಂತ ತಮ್ಮಾ. ಆ ಕಚಕ್ ಅಂದ ಫೋಟೋ ಎಲ್ಲಿ ಹೋತು?"