ಹಂಸಪಾದ (ಹಸ್ತಪ್ರತಿ)

ಹಂಸಪಾದವು ಹಸ್ತಪ್ರತಿಗಳಲ್ಲಿ ಬರೆಯುವಾಗ ಬಿಟ್ಟುಹೋದ ಅಕ್ಷರ ಅಥವಾ ಪದವನ್ನು ಸೇರಿಸಬೇಕಾದ ಸ್ಥಳವನ್ನು ತೋರಿಸುವ ಗುರುತು. ಇದನ್ನು ಕಾಕಪಾದವೆಂದೂ ಕರೆಯುತ್ತಾರೆ. ಇದು ಹೆಚ್ಚಾಗಿ ಚಿಕ್ಕ ಕೂಡಿಸು ಅಥವಾ ಗುಣಿಸು ಚಿಹ್ನೆಯಂತೆ ಕಾಣುತ್ತದೆ. ಬಿಟ್ಟ ಪದವನ್ನು ಲಿಪಿಕಾರನು ಸಾಲುಗಳ ನಡುವೆ ಅಥವಾ ಗರಿಯ ಅಂಚಿನಲ್ಲಿ ಬರೆಯುತ್ತಾನೆ.

ಓದುವ ಕ್ರಮ

ಅಂಚಿನ ಪದದ ಪಕ್ಕದಲ್ಲಿ ಕೆಲವೊಮ್ಮೆ ಸಾಲಿನ ಸಂಖ್ಯೆ ಇರುತ್ತದೆ. ಪದವು ಮೇಲಿನ ಅಂಚಿನಲ್ಲಿದ್ದರೆ ಸಾಲುಗಳನ್ನು ಮೇಲಿನಿಂದಲೂ, ಕೆಳಗಿನ ಅಂಚಿನಲ್ಲಿದ್ದರೆ ಸಾಮಾನ್ಯವಾಗಿ ಕೆಳಗಿನಿಂದಲೂ ಎಣಿಸಬೇಕು. ಉದಾಹರಣೆಗೆ, ಆರು ಸಾಲುಗಳ ಗರಿಯ ಕೆಳಗಿನ ಅಂಚಿನಲ್ಲಿ ‘ಮರಳಿ 2’ ಎಂದಿದ್ದರೆ, ಹಂಸಪಾದವನ್ನು ಮೊದಲು ಐದನೆಯ ಸಾಲಿನಲ್ಲಿ ಹುಡುಕಬೇಕು.

ಛಂದಸ್ಸಿನ ಪರೀಕ್ಷೆ

ಆ ಪದ್ಯವು ಭಾಮಿನಿ ಷಟ್ಪದಿಯಲ್ಲಿದೆ ಎಂದುಕೊಳ್ಳೋಣ. ಅದರ 1, 2, 4 ಮತ್ತು 5ನೆಯ ಪಾದಗಳಲ್ಲಿ 3, 4, 3, 4ರ ಗಣಗಳಂತೆ ಒಟ್ಟು 14 ಮಾತ್ರೆಗಳಿರಬೇಕು. ಗುರುತಿರುವ ಇಂಥ ಪಾದದಲ್ಲಿ 11 ಮಾತ್ರೆಗಳಷ್ಟೇ ಇದ್ದು, ಮೂರು ಮಾತ್ರೆಯ ಗಣವೊಂದು ಕೊರತೆಯಾಗಿದ್ದರೆ ‘ಮರಳಿ’ ಅಲ್ಲಿ ಸರಿಯಾಗಿ ಕೂಡುತ್ತದೆ. ಪಾದವು ಮೊದಲೇ ಪೂರ್ಣವಾಗಿದ್ದು ಗುರುತೂ ಇಲ್ಲದಿದ್ದರೆ, ಅಂಚಿನ ಪದವು ಅರ್ಥಸೂಚನೆ ಅಥವಾ ಪಾಠಾಂತರವಾಗಿರುವ ಸಂಭವ ಹೆಚ್ಚು. ಅದನ್ನು ಮೂಲಪಾಠದೊಳಗೆ ಸೇರಿಸಬಾರದು.

ಮಿತಿ

ವಚನ ಮತ್ತು ಗದ್ಯಗಳಿಗೆ ಮಾತ್ರೆಗಳ ಲೆಕ್ಕ ಅನ್ವಯಿಸುವುದಿಲ್ಲ. ಅಲ್ಲಿ ಅನ್ವಯವನ್ನು ನೋಡಿ, ಅದೇ ಕೃತಿಯ ಬೇರೆ ಪ್ರತಿಗಳೊಡನೆ ಹೋಲಿಸಿ ನಿರ್ಧರಿಸಬೇಕಾಗುತ್ತದೆ.