ತಿರುಗು, ತಿರುಪು, ಟೀಚರ್: ವಾಲ್ಟೇರಿನಿಂದ ಒಂದು ಪ್ರತ್ಯಯಚರಿತ್ರೆ

ವಿಜಯವಾಡದ ಶಾಲೆಯ ಮಕ್ಕಳು ‘ಟೀಚರ್ಲು ವಚ್ಚಾರು’ ಎನ್ನುತ್ತಾರೆ. ಬಳ್ಳಾರಿಯ ಮಕ್ಕಳು ‘ಟೀಚರ್‌ಗಳು ಬಂದರು’ ಎನ್ನುತ್ತಾರೆ. ಇಂಗ್ಲಿಷಿನ ‘ಟೀಚರ್’ ಎರಡೂ ಭಾಷೆಗಳಿಗೆ ಇಡಿಯಾಗಿ ಬಂದಿದೆ. ಆದರೆ ಈ ವಾಕ್ಯಗಳಲ್ಲಿ ಆ ಪದದ ಬಹುವಚನ ಇಂಗ್ಲಿಷಿನಿಂದ ಬಂದಿಲ್ಲ. ತೆಲುಗು ತನ್ನ ‘ಲು’ವನ್ನು ಹಚ್ಚಿತು, ಕನ್ನಡ ತನ್ನ ‘ಗಳು’ವನ್ನು ಹಚ್ಚಿತು. ಇನ್ನು ‘ಟೀಚಸ್’ ಎಂಬ ಕ್ರಿಯಾರೂಪವಂತೂ ಎರಡು ಭಾಷೆಗಳ ಹೊಸ್ತಿಲನ್ನೂ ದಾಟಲಿಲ್ಲ. ‘ಆಕೆ ಗಣಿತ ಟೀಚ್ ಮಾಡುತ್ತಾಳೆ’ ಎನ್ನುವವರು ಸಿಗುತ್ತಾರೆ, ‘ಆಕೆ ಗಣಿತ ಟೀಚಸ್’ ಎನ್ನುವವರು ಸಿಗುವುದಿಲ್ಲ.

ಈ ವ್ಯತ್ಯಾಸಕ್ಕೆ ಕಾರಣವಿದೆ. ‘ಟೀಚ್’ ಎಂಬ ಧಾತುವಿಗೆ ‘ಅರ್’ ಸೇರಿದಾಗ ಹುಟ್ಟುವುದು ಹೊಸದೊಂದು ಪದ: ಕ್ರಿಯೆ ಇದ್ದದ್ದು ನಾಮಪದವಾಯಿತು, ಕೆಲಸದ ಹೆಸರಿದ್ದದ್ದು ಆ ಕೆಲಸ ಮಾಡುವವರ ಹೆಸರಾಯಿತು. ಹೀಗೆ ಪದವನ್ನೇ ಹುಟ್ಟಿಸುವ ಆಕೃತಿಮಾವನ್ನು ಇಲ್ಲಿ ಸಾಧಕ ಪ್ರತ್ಯಯ ಎಂದು ಕರೆಯೋಣ. ‘ಟೀಚಸ್’ನಲ್ಲಿರುವ ‘ಅಸ್’ ಹೊಸ ಪದವನ್ನು ಕೊಡುವುದಿಲ್ಲ. ಕರ್ತೃ ಪ್ರಥಮಪುರುಷದ ಏಕವಚನದಲ್ಲಿದೆ, ಕಾಲ ವರ್ತಮಾನ ಎಂದಷ್ಟೇ ಹೇಳುತ್ತದೆ. ವಾಕ್ಯ ಕೇಳಿದಾಗ ಬಂದು, ಬೇಡವಾದಾಗ ಹೋಗುವ ಇಂಥದ್ದು ರೂಪಪ್ರತ್ಯಯ. ಎರವಲು ಬರುವುದು ಸಾಮಾನ್ಯವಾಗಿ ಪದ. ಪದವನ್ನು ವಾಕ್ಯಕ್ಕೆ ಹೊಂದಿಸುವ ಕೆಲಸವನ್ನು ಎರವಲು ಪಡೆದ ಭಾಷೆ ತನ್ನ ರೂಪಪ್ರತ್ಯಯಗಳಿಂದಲೇ ಮಾಡಿಕೊಳ್ಳುತ್ತದೆ.

ಇವೆರಡನ್ನು ಬೇರ್ಪಡಿಸಲು ಭಾಷಾವಿಜ್ಞಾನಿಗಳು ಹೆಚ್ಚಾಗಿ ನಂಬುವ ಪರೀಕ್ಷೆ ಸ್ಥಾನದ್ದು. ಸಾಧಕ ಪ್ರತ್ಯಯ ಧಾತುವಿಗೆ ಹತ್ತಿರ ಕೂರುತ್ತದೆ, ರೂಪಪ್ರತ್ಯಯ ಹೊರಗೆ ಉಳಿಯುತ್ತದೆ. ಟೀಚ್, ಅರ್, ಆಮೇಲೆ ಬಹುವಚನದ ಸ್: ‘ಟೀಚರ್ಸ್’. ಈ ಸಾಲನ್ನು ತಿರುವುಮುರುವು ಮಾಡಿದರೆ ಇಂಗ್ಲಿಷಿನಲ್ಲಿ ಪದವೇ ಆಗುವುದಿಲ್ಲ. ಕನ್ನಡದ ‘ಕಲಿಸಿದನು’ ಕೂಡ ಹೀಗೆಯೇ ಕಟ್ಟಿದೆ. ‘ಕಲಿ’ ಧಾತು, ಅದಕ್ಕೆ ಅಂಟಿದ್ದು ‘ಇಸು’, ಅದರ ಹೊರಗೆ ಭೂತಕಾಲದ ‘ಇದ’, ಎಲ್ಲಕ್ಕಿಂತ ಹೊರಗೆ ಪುರುಷ ಮತ್ತು ವಚನ ಹೇಳುವ ‘ನು’. ಕಾಲಕ್ಕಿಂತ ಒಳಗೆ ಕೂತಿರುವುದರಿಂದ ‘ಇಸು’ ಸಾಧಕ.

ನಮ್ಮ ವ್ಯಾಕರಣಕಾರರು ಈ ಬಗೆಯ ವಿಂಗಡಣೆಯನ್ನು ಬಲ್ಲವರು. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ವಿಭಕ್ತಿಗಳನ್ನು ನಾಮಪ್ರಕರಣದಲ್ಲಿಯೂ ಕ್ರಿಯಾರೂಪಗಳನ್ನು ಆಖ್ಯಾತಪ್ರಕರಣದಲ್ಲಿಯೂ ಇಟ್ಟು, ನಾಮದಿಂದ ಹೊಸ ನಾಮವನ್ನು ಸಾಧಿಸುವ ತದ್ಧಿತಕ್ಕೆ ಪ್ರತ್ಯೇಕ ಪ್ರಕರಣವನ್ನೇ ಮೀಸಲಿಟ್ಟ. ತೆಲುಗಿನಲ್ಲಿ ಚಿನ್ನಯ ಸೂರಿ 1858ರ ‘ಬಾಲವ್ಯಾಕರಣ’ದಲ್ಲಿ ತದ್ಧಿತ, ಕ್ರಿಯೆ, ಕೃದಂತಗಳನ್ನು ಬೇರೆಬೇರೆ ಪರಿಚ್ಛೇದಗಳಾಗಿ ಬರೆದ. ಆದರೆ ಈ ವ್ಯಾಕರಣಗಳು ತಮ್ಮ ಕಾಲದ ಭಾಷೆಯನ್ನು ವರ್ಣಿಸಿದವು. ಒಂದು ಪ್ರತ್ಯಯ ಶತಮಾನಗಳ ಓಟದಲ್ಲಿ ಒಂದು ಗುಂಪಿನಿಂದ ಇನ್ನೊಂದಕ್ಕೆ ಜಾರಬಲ್ಲುದೇ ಎಂಬುದು ಅವುಗಳ ಪ್ರಶ್ನೆಯಾಗಿರಲಿಲ್ಲ. ಅದು ಪ್ರಶ್ನೆಯಾಗಬೇಕಾದರೆ ಒಂದಕ್ಕಿಂತ ಹೆಚ್ಚು ಭಾಷೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕಿತ್ತು.

ಹಾಗೆ ಇಟ್ಟು ನೋಡಿದ ಮೊದಲಿಗರಲ್ಲಿ ಫ್ರಾನ್ಸಿಸ್ ವೈಟ್ ಎಲ್ಲಿಸ್ ಒಬ್ಬ. ಎ. ಡಿ. ಕ್ಯಾಂಪ್‌ಬೆಲ್ ಬರೆದ ತೆಲುಗು ವ್ಯಾಕರಣ 1816ರಲ್ಲಿ ಮದ್ರಾಸಿನಿಂದ ಹೊರಬಂದಾಗ ಅದಕ್ಕೆ ಎಲ್ಲಿಸ್ ಒಂದು ದೀರ್ಘ ಟಿಪ್ಪಣಿ ಸೇರಿಸಿದ್ದ. ತಮಿಳು, ತೆಲುಗು, ಕನ್ನಡದ ಧಾತುಗಳನ್ನು ಹೋಲಿಸಿ, ಇವು ಒಂದೇ ಮನೆತನದವು, ಸಂಸ್ಕೃತದಿಂದ ಹುಟ್ಟಿದವಲ್ಲ ಎಂದು ಅದರಲ್ಲಿ ತೋರಿಸಿದ. ಮಚಲೀಪಟ್ಟಣದ ಮಾಮಿಡಿ ವೆಂಕಯ್ಯನವರಂಥ ತೆಲುಗು ವಿದ್ವಾಂಸರ ಕೆಲಸ ಅವನಿಗೆ ಆಧಾರವಾಗಿತ್ತು. ಎಲ್ಲಿಸ್ ಮನೆತನವನ್ನು ಗುರುತಿಸಿದ. ಧಾತು ಎಂದು ನಾವು ಕರೆಯುವುದರ ಒಳಗೇ ಇನ್ನೊಂದು ಪ್ರತ್ಯಯ ಅಡಗಿರಬಹುದೇ ಎಂದು ಬಗೆದು ನೋಡುವ ಕೆಲಸ ಉಳಿಯಿತು.

ಆ ಕೆಲಸದ ಒಂದು ದೊಡ್ಡ ಭಾಗ ನಡೆದದ್ದು ವಿಶಾಖಪಟ್ಟಣದ ವಾಲ್ಟೇರಿನ ನಂಟಿನಲ್ಲಿ. 1926ರಲ್ಲಿ ಬೆಜವಾಡದಲ್ಲಿ, ಅಂದರೆ ಇಂದಿನ ವಿಜಯವಾಡದಲ್ಲಿ, ಕೆಲಸ ಆರಂಭಿಸಿದ ಆಂಧ್ರ ವಿಶ್ವವಿದ್ಯಾಲಯ 1930ರಲ್ಲಿ ವಾಲ್ಟೇರಿಗೆ ಬಂದು ನೆಲೆಸಿತು. ಒಂಗೋಲಿನಲ್ಲಿ 1928ರಲ್ಲಿ ಹುಟ್ಟಿದ ಭದ್ರಿರಾಜು ಕೃಷ್ಣಮೂರ್ತಿ ಅಲ್ಲಿ ತೆಲುಗು ಓದಿ, ಅಲ್ಲೇ ಪಾಠ ಹೇಳಿದರು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ ಹೋಗಿ 1957ರಲ್ಲಿ ಡಾಕ್ಟರೇಟ್ ಪಡೆದರು. ಅವರ ಪ್ರಬಂಧ ತೆಲುಗು ಕ್ರಿಯಾಧಾತುಗಳನ್ನು ಕುರಿತದ್ದು. ಅದು 1961ರಲ್ಲಿ ಕ್ಯಾಲಿಫೋರ್ನಿಯಾದಿಂದ ಪುಸ್ತಕವಾಗಿ ಬಂತು. ಬರೋ ಮತ್ತು ಎಮಿನೋ ಅವರ ದ್ರಾವಿಡ ವ್ಯುತ್ಪತ್ತಿ ಕೋಶ ಬಂದದ್ದೂ ಅದೇ ವರ್ಷ. ಮುಂದೆ ವಿಶಾಖಪಟ್ಟಣದ ಹಿಂದಿನ ಗುಡ್ಡಗಳಲ್ಲಿ, ಅರಕು ಕಣಿವೆಯ ಕಡೆ ಆಡುವ ಕೊಂಡ ಭಾಷೆಯ ಮೇಲೂ ಅವರು 1969ರಲ್ಲಿ ಪುಸ್ತಕ ಪ್ರಕಟಿಸಿದರು.

ಕೃಷ್ಣಮೂರ್ತಿಯವರ ವಿಧಾನವನ್ನು ಒಂದೇ ಧಾತುವಿನಲ್ಲಿ ನೋಡುವುದು ಒಳ್ಳೆಯದು. ಕನ್ನಡದಲ್ಲಿ ‘ತಿರಿ’ ಇದೆ, ‘ತಿರುಗು’ ಇದೆ, ‘ತಿರುಚು’ ಇದೆ, ‘ತಿರುಪು’ ಇದೆ. ತಿರುಪಿನ ಮೊಳೆಯನ್ನು ಬಡಗಿಗಳೆಲ್ಲ ಬಲ್ಲರು. ‘ಪ’ಕಾರ ‘ಹ’ಕಾರವಾದ ‘ತಿರುಹು’ ಇದೆ, ಪುಟ ಮಗುಚುವಾಗ ಬಳಸುವ ‘ತಿರುವು’ ಇದೆ. ತಮಿಳಿನಲ್ಲಿ ತಿರಿ, ತಿರುಂಬು, ತಿರುಪ್ಪು. ತೆಲುಗಿನಲ್ಲಿ ತಿರುಗು, ತಿಪ್ಪು. ಈ ‘ತಿಪ್ಪು’ವಿನ ಹಳೆಯ ರೂಪ ‘ತ್ರಿಪ್ಪು’. ಇವೆಲ್ಲದರಲ್ಲೂ ಸಮಾನವಾಗಿ ಉಳಿಯುವುದು ‘ತಿರ್’ ಒಂದೇ. ಮಿಕ್ಕ ಗು, ಚು, ಪು, ಂಬು, ಪ್ಪುಗಳು ಬೇರೆಯವು.

ಮೊದಲ ಎಚ್ಚರ ಬೇಕಾದದ್ದು ಇಲ್ಲಿಯೇ. ಕೊನೆಯಲ್ಲಿ ‘ಗು’ ಕಂಡ ಕೂಡಲೇ ಕತ್ತರಿಸುವಂತಿಲ್ಲ. ‘ಮಗು’ವಿನಿಂದ ‘ಗು’ ತೆಗೆದರೆ ಅರ್ಥವಿರುವ ಏನೂ ಉಳಿಯದು. ಇಂಗ್ಲಿಷಿನ ‘ಫಿಂಗರ್’ ಎಂಬುದರಿಂದ ‘ಅರ್’ ಬಿಡಿಸಿದರೂ ಹಾಗೆಯೇ, ‘ಫಿಂಗ್’ ಮಾಡುವವನು ಯಾರೂ ಇಲ್ಲ. ಕತ್ತರಿಸಲು ಹಕ್ಕು ಸಿಗುವುದು ಆ ತುಂಡಿಲ್ಲದ ನೆಂಟ ಪದ ಸಿಕ್ಕಿದಾಗ. ‘ತಿರುಗು’ವಿನ ಪಕ್ಕದಲ್ಲಿ ‘ತಿರಿ’ ನಿಂತಿರುವುದೇ ಇಲ್ಲಿ ಸಾಕ್ಷಿ.

ಇನ್ನು ಈ ತುಂಡುಗಳ ಕೆಲಸ. ತಮಿಳಿನ ‘ತಿರುಂಬು’ ಎಂದರೆ ತಾನೇ ತಿರುಗುವುದು, ‘ತಿರುಪ್ಪು’ ಎಂದರೆ ಇನ್ನೊಂದನ್ನು ತಿರುಗಿಸುವುದು. ಅನುನಾಸಿಕವಿದ್ದರೆ ಅಕರ್ಮಕ, ಒತ್ತಕ್ಷರವಿದ್ದರೆ ಸಕರ್ಮಕ. ಹಳಗನ್ನಡದ ‘ಅಡಂಗು’ ಮತ್ತು ತುರುಕಿ ಒತ್ತುವ ಅರ್ಥದ ‘ಅಡಕು’ ಜೋಡಿಯೂ ಇದೇ ಅಚ್ಚಿನದು. ಕನ್ನಡದಲ್ಲಿ ‘ಅಡಂಗು’ವಿನ ಅನುನಾಸಿಕ ಬಿದ್ದು ‘ಅಡಗು’ ಆದಮೇಲೆ ಆ ಗುರುತು ಅರ್ಧ ಅಳಿಸಿಹೋಯಿತು. ‘ಅಡಗು’, ‘ಅಡಕು’ ಇಂದು ನಮ್ಮ ಕಿವಿಗೆ ಎರಡು ಬೇರೆ ಧಾತುಗಳು.

ಕೃಷ್ಣಮೂರ್ತಿ ಇನ್ನೂ ಹಿಂದಕ್ಕೆ ಹೋದರು. ಈ ತುಂಡುಗಳು ಮೂಲದ್ರಾವಿಡದ ಬಹಳ ಹಳೆಯ ಹಂತದಲ್ಲಿ ಕಾಲವನ್ನೂ ಸಕರ್ಮಕ–ಅಕರ್ಮಕ ಭೇದವನ್ನೂ ಒಟ್ಟಿಗೆ ಹೇಳುತ್ತಿದ್ದ ರೂಪಪ್ರತ್ಯಯಗಳಾಗಿದ್ದವು ಎಂಬುದು ಅವರ ಊಹೆ. ಮೊದಲು ಕಾಲದ ಅರ್ಥ ಕಳಚಿತು. ತಮಿಳಿನಂಥ ಭಾಷೆಗಳಲ್ಲಿ ಸಕರ್ಮಕ–ಅಕರ್ಮಕ ಭೇದ ಮಾತ್ರ ಉಳಿದು ಅವು ಸಾಧಕಗಳಾದವು. ಬೇರೆ ಕಡೆ ಅದೂ ಮಸುಕಾಗಿ, ಧಾತುವಿನ ಬಾಲವಾಗಿ ಹೆಪ್ಪುಗಟ್ಟಿದವು. ‘ಟೀಚಸ್’ನ ‘ಅಸ್’ ಸಾವಿರಾರು ವರ್ಷಗಳಲ್ಲಿ ‘ಟೀಚ್’ಗೆ ಅಂಟಿ ಬಿಡಿಸಲಾಗದಂತಾದರೆ ಏನಾದೀತೋ ಅಂಥದ್ದೇ ಸಂಗತಿ ನಮ್ಮ ಧಾತುಗಳಲ್ಲಿ ನಡೆದಿದೆ ಎಂದು ಇದರ ತಾತ್ಪರ್ಯ.

ಈ ಊಹೆಗೆ ಶಾಸನದ ಆಧಾರ ಸಿಗುವಂತಿಲ್ಲ. ಮೂಲದ್ರಾವಿಡವನ್ನು ಯಾರೂ ಬರೆದಿಟ್ಟಿಲ್ಲ. ಎಲ್ಲ ಧಾತುಗಳಿಗೂ ಹೀಗೆ ಅಚ್ಚುಕಟ್ಟಾದ ಜೋಡಿ ದೊರೆಯುವುದೂ ಇಲ್ಲ. ಆದರೂ ತಮಿಳಿನಲ್ಲಿ ಇಂದಿಗೂ ಉಸಿರಾಡುತ್ತಿರುವ ಒಂದು ಪುರಾವೆ ಬಲವಾದದ್ದು. ‘ಅಳಿ’ ಧಾತುವಿನಿಂದ ‘ಅಳಿಂದಾನ್’ ಎಂದರೆ ಅವನು ಅಳಿದನು, ‘ಅಳಿತ್ತಾನ್’ ಎಂದರೆ ಅವನು ಅಳಿಸಿದನು. ಇಲ್ಲಿ ‘ಂದ’ ಮತ್ತು ‘ತ್ತ’ ಎರಡೂ ಭೂತಕಾಲವನ್ನೇ ಹೇಳುತ್ತವೆ, ಜೊತೆಗೆ ಅಕರ್ಮಕವೋ ಸಕರ್ಮಕವೋ ಎಂಬುದನ್ನೂ ಹೇಳುತ್ತವೆ. ಒಂದೇ ಪ್ರತ್ಯಯ ರೂಪದ ಕೆಲಸವನ್ನೂ ಸಾಧನೆಯ ಕೆಲಸವನ್ನೂ ಹೊತ್ತಿದೆ. ‘ತಿರುಂಬು–ತಿರುಪ್ಪು’ವಿನಲ್ಲಿ ಅಂಟಿಹೋಗಿರುವ ಅನುನಾಸಿಕ ಮತ್ತು ಒತ್ತಕ್ಷರಗಳ ಆಟ ಇಲ್ಲಿ ಇನ್ನೂ ಸಡಿಲವಾಗಿ, ಕಾಲದೊಂದಿಗೆ ನಡೆಯುತ್ತಿದೆ. ಕನ್ನಡದಲ್ಲಿ ಆ ಹೊರೆಯನ್ನು ಇಬ್ಬರಿಗೆ ಹಂಚಲಾಗಿದೆ: ‘ಅಳಿಸಿದನು’ ಎಂಬಲ್ಲಿ ‘ಇಸು’ ಸಕರ್ಮಕಕ್ಕೆ, ‘ಇದ’ ಕಾಲಕ್ಕೆ.

ಹಳೆಯ ಗುರುತು ಮಸುಕಾದಂತೆ ಹೊಸ ಪದರ ಏಳುತ್ತದೆ. ‘ತಿರುಪು’ ಮಾಡುತ್ತಿದ್ದ ಕೆಲಸವನ್ನು ಇಂದು ಹೆಚ್ಚಾಗಿ ‘ತಿರುಗಿಸು’ ಮಾಡುತ್ತದೆ. ಹೆಪ್ಪುಗಟ್ಟಿದ ‘ಗು’ವಿನ ಮೇಲೆ ಜೀವಂತ ‘ಇಸು’ ಕೂತಿದೆ. ತೆಲುಗಿನಲ್ಲಿ ಕಲಿಯುವುದು ‘ನೇರ್ಚು’, ಕಲಿಸುವುದು ‘ನೇರ್ಪು’. ಟೀಚ್ ಮಾಡುವ ಅರ್ಥವೆಲ್ಲ ಅಲ್ಲಿ ‘ಪು’ ಎಂಬ ಹಳೆಯ ತುಂಡಿನಲ್ಲಿದೆ. ದನ ತಾನೇ ಮೇಯುವುದು ‘ಮೇಯು’, ದನವನ್ನು ಮೇಯಿಸುವುದು ‘ಮೇಪು’ ಎಂಬಲ್ಲಿಯೂ ಅದೇ ‘ಪು’. ಆದರೆ ಹೊಸ ಕ್ರಿಯೆಗಳಿಗೆ ಈ ‘ಪು’ವನ್ನು ಇಂದು ಯಾವ ತೆಲುಗರೂ ಹಚ್ಚುವುದಿಲ್ಲ. ಅದಕ್ಕೆ ‘ಇಂಚು’ ಇದೆ, ‘ನೇರ್ಪು’ವಿನ ಮೇಲೂ ಅದನ್ನು ಹೊದಿಸಿ ‘ನೇರ್ಪಿಂಚು’ ಎನ್ನುವುದುಂಟು. ಒಂದು ಸಾಧಕ ಇನ್ನೂ ಬದುಕಿದೆಯೇ ಎಂದು ತಿಳಿಯಲು ಹೊಸ ಪದ ಅದನ್ನು ಒಪ್ಪುತ್ತದೆಯೇ ಎಂದು ನೋಡಿದರೆ ಸಾಕು. ಕನ್ನಡದ ‘ಟೈಪಿಸು’ ಈ ಪರೀಕ್ಷೆಯಲ್ಲಿ ‘ಇಸು’ವನ್ನು ಗೆಲ್ಲಿಸುತ್ತದೆ.

‘ಅನ್‌ಟೀಚಬಲ್’ ಎಂಬ ಪದ ಮಾತ್ರ ಈ ಭಾಷೆಗಳಲ್ಲಿ ಬೇರೆಯೇ ದಾರಿ ಹಿಡಿಯುತ್ತದೆ. ಇಂಗ್ಲಿಷಿನಲ್ಲಿ ಮೊದಲು ‘ಟೀಚ್’ಗೆ ‘ಅಬಲ್’ ಸೇರಿ ವಿಶೇಷಣವಾಗುತ್ತದೆ, ಆಮೇಲೆ ‘ಅನ್’ ಅದನ್ನು ನಿಷೇಧಿಸುತ್ತದೆ. ಎರಡೂ ಸಾಧಕಗಳೇ. ಕನ್ನಡದಲ್ಲಿ ಅದನ್ನೇ ‘ಕಲಿಸಲಾಗದ’ ಎನ್ನುತ್ತೇವೆ: ‘ಕಲಿಸಲು’ ಎಂಬ ಭಾವರೂಪ, ‘ಆಗು’ ಧಾತುವಿನ ನಿಷೇಧ ಕೃದಂತ ‘ಆಗದ’. ವಿಜಯವಾಡದ ತೆಲುಗಿನಲ್ಲಿ ಅದು ‘ನೇರ್ಪಲೇನಿ’. ಇಲ್ಲಿ ನಿಷೇಧವೂ ಸಾಧ್ಯತೆಯೂ ಕ್ರಿಯೆಯ ರೂಪಗಳಿಂದಲೇ ಬಂದಿವೆ. ಇಂಗ್ಲಿಷ್ ಹೊಸ ಪದ ಕಟ್ಟಿ ಹೇಳುವುದನ್ನು ಕನ್ನಡ ಮತ್ತು ತೆಲುಗು ಕ್ರಿಯಾರೂಪಗಳ ಸಾಲಿನಲ್ಲಿ ಹೇಳುತ್ತವೆ. ‘ಕಲಿಸಲಾಗದ’ ಎಂಬುದಕ್ಕೆ ನಿಘಂಟಿನಲ್ಲಿ ಸ್ವಂತ ನಮೂದು ಕೊಡುವ ಅಗತ್ಯ ಬೀಳುವುದಿಲ್ಲ, ‘ಕಲಿಸು’ ಮತ್ತು ‘ಆಗು’ ಗೊತ್ತಿದ್ದವರಿಗೆ ಅದು ತಾನಾಗಿ ದೊರೆಯುತ್ತದೆ. ‘ಕಲಿಕೆ’ಗೆ ನಮೂದು ಬೇಕು, ಏಕೆಂದರೆ ‘ಕಲಿ’ಗೆ ‘ಕೆ’ ಸೇರುತ್ತದೆ ಎಂಬುದರಿಂದ ‘ಓದು’ವಿಗೂ ಅದು ಸೇರುತ್ತದೆ ಎಂದು ಯಾರೂ ಊಹಿಸಲಾರರು.